ರಷ್ಯಾದ ಮ್ಯಾಪ್‌ನಲ್ಲಿ ಟೋಲ್ ರಸ್ತೆ ಗುರುತಿಸುವುದು ಹೇಗೆ? ಈ ಪದಗಳು ಗೊತ್ತಿರಲಿ

ಮಾಸ್ಕೋದಲ್ಲಿ ಬಾಡಿಗೆ ಕಾರು ಪಡೆದು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಡುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, 2019ರಲ್ಲಿ ಎರಡೂ ನಗರಗಳ ನಡುವೆ ಸಂಚಾರಕ್ಕೆ ಮುಕ್ತವಾದ М-11 ಟೋಲ್ ಹೆದ್ದಾರಿ. ಇನ್ನೊಂದು ಹಳೆಯ М-10. ಇದರಲ್ಲಿ ಟೋಲ್ ಇಲ್ಲ, ಆದರೆ ಊರುಗಳ ನಡುವೆ ಹಾದುಹೋಗುವಾಗ ವೇಗ ಗಂಟೆಗೆ 60 ಕಿ.ಮೀ.ಗೆ ಇಳಿಸಬೇಕು. ಹಾಗಾಗಿ ಸಮಯ ಹೆಚ್ಚು ಬೇಕು.

ಯಾಂಡೆಕ್ಸ್‌ನ ರೂಟ್ ಪರದೆಯಲ್ಲಿ ч ಎಂದರೆ ಗಂಟೆ, мин ಎಂದರೆ ನಿಮಿಷ. ಮಾರ್ಗದ ವಿವರದಲ್ಲಿ плат ಎಂದು ಶುರುವಾಗುವ ಪದ ಕಂಡರೆ ಹಣ ಕೊಡಬೇಕಾದ ರಸ್ತೆ ಇದೆ ಎಂದರ್ಥ.

ಸೆಟ್ಟಿಂಗ್ಸ್‌ನಲ್ಲಿರುವ Избегать платных дорог ಎಂದರೆ 'ಟೋಲ್ ರಸ್ತೆ ತಪ್ಪಿಸು'. ಹಿಂದಿನ ಪ್ರಯಾಣದಲ್ಲಿ ಆನ್ ಮಾಡಿ ಮರೆತಿದ್ದರೆ М-11 ಬಿಟ್ಟು М-10ರಲ್ಲೇ ದಾರಿ ತೋರಿಸಬಹುದು. ಗೆರೆ ಯಾವ ರಸ್ತೆಯ ಮೇಲಿದೆ ಎಂದು ಹೊರಡುವ ಮೊದಲೇ ನೋಡಿಕೊಂಡರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ.

ಗೇಟ್ ಕಾಣದಿದ್ದರೆ ಟೋಲ್ ಇಲ್ಲ ಎಂದುಕೊಳ್ಳಬೇಡಿ. ಮಾಸ್ಕೋ ಹೊರವಲಯದ ವರ್ತುಲ ಹೆದ್ದಾರಿ ЦКАДನಲ್ಲಿ ಕ್ಯಾಮೆರಾಗಳೇ ನಂಬರ್ ಪ್ಲೇಟ್ ಓದುತ್ತವೆ. ಫಾಸ್ಟ್ಯಾಗ್‌ನಂಥ ಟ್ರಾನ್ಸ್‌ಪಾಂಡರ್ ಕಾರಿನಲ್ಲಿ ಇಲ್ಲದಿದ್ದರೆ ನಂತರ ಆನ್‌ಲೈನ್‌ನಲ್ಲಿ ಹಣ ಕಟ್ಟಬೇಕು. ಮರೆತರೆ ದಂಡ ಬೀಳುತ್ತದೆ. ಟೋಲ್ ಯಾರು ಕಟ್ಟಬೇಕು ಎಂಬುದನ್ನು ಬಾಡಿಗೆ ಕಂಪನಿಯ ಬಳಿ ಮೊದಲೇ ಕೇಳಿಕೊಳ್ಳಿ.

ತಿರುವು ಹತ್ತಿರವಾದಾಗ ಪರದೆಯ ಮೇಲೆ ಸಾಲಾಗಿ ಬಾಣಗಳು ಮೂಡುತ್ತವೆ. ಎದ್ದು ಕಾಣುವ ಬಾಣದ ಲೇನ್‌ ನಿಮ್ಮದು, ಮಸುಕಾದವು ಬೇರೆ ಕಡೆಗೆ ಹೋಗುತ್ತವೆ. ರಸ್ತೆಯ ಮೇಲೆ А ಎಂದು ಬರೆದ ಲೇನ್ ಬಸ್‌ಗಳಿಗೆ ಮೀಸಲು. ಅದು ಖಾಲಿ ಇದ್ದರೂ ನುಗ್ಗುವಂತಿಲ್ಲ.