ಮೊದಲು ಬಣ್ಣ ಬಿಡಿ, ಚುಕ್ಕೆ ಉಳಿಸಿಕೊಳ್ಳಿ

ಮನೆ ಸಾಲಕ್ಕೆ ಅರ್ಜಿ ಹಾಕುವಾಗ ಕ್ರಯಪತ್ರದ ಸ್ಕ್ಯಾನ್ ಪ್ರತಿ ಕೇಳುತ್ತಾರೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ 20 ಪುಟದ ಪಿಡಿಎಫ್ 30 ಎಂಬಿ ಇದೆ, ಅರ್ಜಿಯ ಪುಟ 5 ಎಂಬಿಗಿಂತ ದೊಡ್ಡದನ್ನು ಒಪ್ಪುವುದಿಲ್ಲ ಎಂದುಕೊಳ್ಳೋಣ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಫೈಲನ್ನು ಯಾವುದೋ ಉಚಿತ ವೆಬ್‌ಸೈಟಿಗೆ ಹಾಕಿ, ಅತಿ ಹೆಚ್ಚು ಕುಗ್ಗಿಸುವ ಗುಂಡಿ ಒತ್ತುತ್ತಾರೆ. ಗಾತ್ರವೇನೋ ಇಳಿಯುತ್ತದೆ. ತೆರೆದು ನೋಡಿದರೆ ಸರ್ವೆ ನಂಬರು 86 ಇದೆಯೋ 66 ಇದೆಯೋ ಹೇಳಲಾಗುವುದಿಲ್ಲ. ಆಸ್ತಿ ಪತ್ರವನ್ನು ಗುರುತಿಲ್ಲದವರ ಕಂಪ್ಯೂಟರಿಗೆ ಕಳಿಸಿಕೊಟ್ಟದ್ದು ಬೇರೆ.

ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರಗಳೇ ಇರುವುದಿಲ್ಲ, ಪ್ರತಿ ಪುಟವೂ ಒಂದೊಂದು ಚಿತ್ರ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆ. ಬಣ್ಣದಲ್ಲಿ ಒಂದು ಚುಕ್ಕೆಗೆ 24 ಬಿಟ್ ಬೇಕು. ಹಾಗಾಗಿ ಕುಗ್ಗಿಸುವ ಮೊದಲು ಒಂದು ಪುಟ 26 ಎಂಬಿ ತೂಗುತ್ತದೆ. ಅದೇ ಪುಟ ಬರೀ ಕಪ್ಪು-ಬಿಳುಪಾದರೆ ಚುಕ್ಕೆಗೆ ಒಂದೇ ಬಿಟ್ ಸಾಕು, ಪುಟಕ್ಕೆ 1.1 ಎಂಬಿ. ಬಣ್ಣ ಬಿಟ್ಟದ್ದರಿಂದಲೇ ಗಾತ್ರ 24 ಪಟ್ಟು ಇಳಿಯಿತು, ಒಂದು ಚುಕ್ಕೆಯೂ ಕಡಿಮೆಯಾಗಲಿಲ್ಲ. ಬಣ್ಣ ಉಳಿಸಿಕೊಂಡು ಚುಕ್ಕೆಗಳನ್ನು ಇಂಚಿಗೆ 150ಕ್ಕೆ ಇಳಿಸಿದರೆ ಸಿಗುವುದು ನಾಲ್ಕು ಪಟ್ಟು ಮಾತ್ರ, ಅದಕ್ಕೆ ಅಕ್ಷರದ ಅಂದ ಕಳೆದುಕೊಳ್ಳಬೇಕು. ಕುಗ್ಗಿಸುವ ಹೆಚ್ಚಿನ ಸಾಧನಗಳು ಮಾಡುವುದು ಈ ಎರಡನೆಯದನ್ನೇ. ಅಚ್ಚಾದ ಪತ್ರಗಳ ಮಟ್ಟಿಗೆ ಅದು ತಲೆಕೆಳಗಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡಕ್ಕಂತೂ ಚುಕ್ಕೆ ಕಳೆದುಕೊಳ್ಳುವುದು ದುಬಾರಿ. ‘ದ’ ಮತ್ತು ‘ಧ’ ನಡುವೆ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು, ‘ಪ’ ಮತ್ತು ‘ಷ’ ನಡುವೆ ಒಳಗಿನ ಒಂದು ಗೆರೆ. 300ರಲ್ಲಿ ಒಂದು ಚುಕ್ಕೆ ಸುಮಾರು 0.085 ಮಿಲಿಮೀಟರು. ಕಾಲು ಮಿಲಿಮೀಟರಿನ ಸೀಳಿಗೆ ಮೂರು ಚುಕ್ಕೆ ಸಿಗುತ್ತವೆ, ಅದು ಚೆನ್ನಾಗಿ ಕಾಣುತ್ತದೆ. 150ರಲ್ಲಿ ಸಿಗುವುದು ಒಂದೂವರೆ ಚುಕ್ಕೆ. 72ಕ್ಕೆ ಇಳಿಸಿದರೆ ಸೀಳಿಗಿಂತ ಚುಕ್ಕೆಯೇ ದೊಡ್ಡದು, ಸೀಳು ಮುಚ್ಚಿಹೋಗುತ್ತದೆ. ಅಕ್ಷರದ ಅಡಿಯಲ್ಲಿ ಚಿಕ್ಕದಾಗಿ ಕೂರುವ ಒತ್ತಕ್ಷರಗಳು ಅದಕ್ಕೂ ಮೊದಲೇ ಮಸಿಯ ಉಂಡೆಯಾಗಿರುತ್ತವೆ. ಗೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಸಿದ್ಧ ಸಾಧನದಲ್ಲಿ `/screen` ಎಂಬ ಆಯ್ಕೆ ಬಣ್ಣದ ಚಿತ್ರಗಳನ್ನು ಇಳಿಸುವುದು ಈ 72ಕ್ಕೇ.

ಇನ್ನು ಸಂಕುಚನದ ವಿಧಾನ. ಜೆಪೆಗ್ ಹುಟ್ಟಿದ್ದು ಫೋಟೋಗಳಿಗಾಗಿ. ಅದು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಉದ್ದದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಬೀಳದ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಮುಖ, ಮರ, ಆಕಾಶಕ್ಕೆ ಇದು ಸರಿ. ಅಕ್ಷರದ ಅಂಚೆಂದರೆ ಕಪ್ಪಿನಿಂದ ಬಿಳಿಗೆ ಒಮ್ಮೆಲೇ ಆಗುವ ಜಿಗಿತ. ಆ ಚೂಪು ಉಳಿಯಬೇಕಾದರೆ ಜೆಪೆಗ್ ಬಿಸಾಡುವ ವಿವರವೇ ಬೇಕು. ಅದಕ್ಕೇ ಹೆಚ್ಚು ಒತ್ತಿದ ಜೆಪೆಗ್‌ನಲ್ಲಿ ಅಕ್ಷರಗಳ ಸುತ್ತ ಬೂದು ಧೂಳು ಎದ್ದಂತೆ ಕಾಣುತ್ತದೆ. ಕಪ್ಪು-ಬಿಳುಪು ಪುಟಕ್ಕೆ ಫ್ಯಾಕ್ಸ್ ಕಾಲದಿಂದ ಬಂದ ಗ್ರೂಪ್ 4 ವಿಧಾನವಿದೆ. ಒಂದು ಸಾಲಿನಲ್ಲಿ ಕಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದನ್ನು ಮೇಲಿನ ಸಾಲಿಗೆ ಹೋಲಿಸಿ ಬರೆದಿಡುವುದಷ್ಟೇ ಅದರ ಕೆಲಸ. ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಆದರೂ ಶುಭ್ರವಾದ ಅಚ್ಚಿನ ಪುಟ ಸಾಮಾನ್ಯವಾಗಿ 100 ಕೆಬಿಯೊಳಗೆ ನಿಲ್ಲುತ್ತದೆ.

ಜೆಬಿಗ್2 ಎಂಬ ಇನ್ನೊಂದು ವಿಧಾನ ಇದಕ್ಕಿಂತಲೂ ಚಿಕ್ಕದು ಮಾಡುತ್ತದೆ. ಅದಕ್ಕೆ ಎರಡು ಬಗೆ. ನಷ್ಟವಿಲ್ಲದ ಬಗೆ ನಂಬಿಗಸ್ತ. ನಷ್ಟವಿರುವ ಬಗೆ ಒಂದೇ ತರಹ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಕೆಲವು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿಕೊಟ್ಟರು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ಅಳತೆ ಬೇರೆಯಾಗಿತ್ತು, ವೆಚ್ಚದ ಪಟ್ಟಿಯಲ್ಲಿ 6 ಇದ್ದಲ್ಲಿ 8 ಬಂದಿತ್ತು. ಮಸುಕಾದ ಅಕ್ಷರ ಕಂಡರೆ ನಮಗೆ ಅನುಮಾನವಾದರೂ ಬರುತ್ತದೆ. ಇಲ್ಲಿ ತಪ್ಪು ಅಂಕಿಯೂ ಸ್ಫುಟವಾಗಿಯೇ ಇತ್ತು. ‘ದ’ಗೆ ‘ಧ’ ಇಷ್ಟು ಹತ್ತಿರವಿರುವ ಲಿಪಿಯಲ್ಲಿ, ಅದರಲ್ಲೂ ಆಸ್ತಿ ಪತ್ರಕ್ಕೆ, ಈ ಬಗೆ ಬೇಡವೇ ಬೇಡ.

ಈಗ ನಮ್ಮ 20 ಪುಟಕ್ಕೆ ಬರೋಣ. ಒಳಗೆ ಏನಿದೆ ಎಂದು ಮೊದಲು ನೋಡಬೇಕು.

```
pdfimages -list patra.pdf
```

ಪ್ರತಿ ಪುಟದ ಚಿತ್ರ ಬಣ್ಣದ್ದೋ ಬೂದಿಯದೋ, ಇಂಚಿಗೆ ಎಷ್ಟು ಚುಕ್ಕೆ, ಯಾವ ವಿಧಾನದಲ್ಲಿ ಕುಗ್ಗಿಸಿದ್ದು, ಎಷ್ಟು ತೂಕ ಎಲ್ಲವೂ ಪಟ್ಟಿಯಾಗಿ ಬರುತ್ತದೆ. ನಮ್ಮಲ್ಲಿ ಎಲ್ಲ ಪುಟವೂ 300ರ ಬಣ್ಣದ ಜೆಪೆಗ್, ತಲಾ ಒಂದೂವರೆ ಎಂಬಿ. ಆದರೆ ಪುಟಗಳೆಲ್ಲ ಒಂದೇ ತರಹದವಲ್ಲ. 15 ಪುಟದಲ್ಲಿ ಬರೀ ಅಚ್ಚು, ಉಳಿದ ಐದರಲ್ಲಿ ಫೋಟೋ, ಹೆಬ್ಬೆಟ್ಟಿನ ಗುರುತು, ನೇರಳೆ ಮೊಹರು. ಈ ಎರಡು ಗುಂಪನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಪುಟಗಳನ್ನು ಚಿತ್ರಗಳಾಗಿ ಹೊರತೆಗೆದು, ಅಚ್ಚಿನ ಪುಟಗಳನ್ನು ಹೀಗೆ ಕಪ್ಪು-ಬಿಳುಪು ಮಾಡಬಹುದು:

```
magick p03.png -colorspace Gray -threshold 60% -density 300 -units PixelsPerInch -compress Group4 p03.tif
```

ಇಲ್ಲಿ ಎಚ್ಚರ ಬೇಕಾದದ್ದು 60% ಎಂಬ ಗೆರೆಯ ಬಗ್ಗೆ. ಅದಕ್ಕಿಂತ ಕಪ್ಪಗಿರುವುದೆಲ್ಲ ಪೂರ್ತಿ ಕಪ್ಪು, ಉಳಿದದ್ದೆಲ್ಲ ಬಿಳಿ. ಗೆರೆ ತೀರಾ ಕೆಳಗಿದ್ದರೆ ಅಚ್ಚು ತೆಳುವಾಗಿರುವಲ್ಲಿ ಗೆರೆಗಳು ತುಂಡಾಗುತ್ತವೆ. ತೀರಾ ಮೇಲಿದ್ದರೆ ಒತ್ತುಗಳು ಮುಚ್ಚಿಕೊಂಡು, ಹಳದಿ ಕಾಗದದ ಕಲೆಯೂ ಹಿಂಬದಿಯ ಅಚ್ಚೂ ಕರಿ ಚುಕ್ಕೆಗಳಾಗಿ ಏಳುತ್ತವೆ. ಆ ಚುಕ್ಕೆಗಳಿಂದ ಫೈಲೂ ಉಬ್ಬುತ್ತದೆ, ಏಕೆಂದರೆ ಗ್ರೂಪ್ 4 ಪ್ರತಿಯೊಂದನ್ನೂ ಪ್ರಾಮಾಣಿಕವಾಗಿ ಬರೆದಿಡುತ್ತದೆ. ಒಂದು ಪುಟ ಮಾತ್ರ 300 ಕೆಬಿ ಬಂದರೆ ಗೆರೆ ತಪ್ಪಿದೆ ಎಂದೇ ಅರ್ಥ. ಚುಕ್ಕೆ ಒರೆಸುವ ಸೌಲಭ್ಯಗಳಿವೆ, ಆದರೆ ಅವು 2.05 ಗುಂಟೆಯ ದಶಮಾಂಶ ಬಿಂದುವನ್ನೂ ಒರೆಸಿಬಿಡಬಲ್ಲವು. ಅಳತೆ ಇರುವ ಪುಟಕ್ಕೆ ಅವನ್ನು ಬಳಸದಿರುವುದೇ ಕ್ಷೇಮ.

ಮೊಹರು, ಫೋಟೋ ಇರುವ ಐದು ಪುಟಗಳಿಗೆ ಬಣ್ಣ ಇರಲಿ. ಅವನ್ನು 200 ಚುಕ್ಕೆಗೆ ಇಳಿಸಿ, ಮಧ್ಯಮ ಗುಣಮಟ್ಟದ ಜೆಪೆಗ್ ಮಾಡಿದರೆ ತಲಾ 300–400 ಕೆಬಿ ಆಗಬಹುದು. ಅಚ್ಚಿನ 15 ಪುಟ ಸೇರಿ ಒಂದರಿಂದ ಒಂದೂವರೆ ಎಂಬಿ, ಈ ಐದು ಸೇರಿ ಎರಡು ಎಂಬಿಯ ಒಳಗೆ. ಎಲ್ಲವನ್ನೂ `img2pdf`ನಿಂದ ಪುಟದ ಕ್ರಮದಲ್ಲಿ ಜೋಡಿಸಿದರೆ, ಅದು ಮತ್ತೆ ಕುಗ್ಗಿಸುವ ಗೋಜಿಗೆ ಹೋಗದೆ ಇದ್ದಂತೆಯೇ ಸೇರಿಸುತ್ತದೆ. 30 ಎಂಬಿ ಇದ್ದದ್ದು ಮೂರೂವರೆಗೆ ಬಂತು, ಅಚ್ಚಿನ ಅಕ್ಷರಗಳು 300ರಲ್ಲೇ ಉಳಿದವು.

ಕೊನೆಯದು ಪಠ್ಯದ ಪದರ. ಚಿತ್ರದ ಮೇಲೆ ಕಣ್ಣಿಗೆ ಕಾಣದ ಅಕ್ಷರಗಳನ್ನು, ಆಯಾ ಪದ ಇರುವ ಜಾಗದಲ್ಲೇ ಹಾಸಿಡುವುದು ಇದರ ಉಪಾಯ. ಓದುವುದು ಚಿತ್ರವನ್ನು, ಹುಡುಕುವುದು ಪದರದಲ್ಲಿ. ಗಾತ್ರದಲ್ಲಿ ಇದು ಚಿತ್ರದ ಮುಂದೆ ಲೆಕ್ಕಕ್ಕೇ ಇಲ್ಲ.

```
ocrmypdf -l kan+eng --output-type pdf sanna.pdf mugida.pdf
```

ಅಕ್ಷರ ಗುರುತಿಸುವ ಕೆಲಸ ಟೆಸೆರಾಕ್ಟ್‌ನದು, ಅದರ ಕನ್ನಡದ ಕಡತ `kan` ಮೊದಲೇ ಹಾಕಿಕೊಂಡಿರಬೇಕು. 300 ಚುಕ್ಕೆ ಉಳಿಸಿಕೊಂಡದ್ದು ಇಲ್ಲೂ ಫಲ ಕೊಡುತ್ತದೆ. 72ರ ಪುಟ ಕೊಟ್ಟರೆ ಬರುವ ಪದರ ಬರೀ ಗೋಜಲು. ಪದರ ಹೇಗಿದೆ ಎಂದು ತಿಳಿಯಲು `pdftotext`ನಿಂದ ಹೊರತೆಗೆದು ಓದಿ ನೋಡಬೇಕು, ಏಕೆಂದರೆ ಪರದೆಯ ಮೇಲೆ ಅದರ ತಪ್ಪು ಕಾಣುವುದೇ ಇಲ್ಲ. ಒತ್ತಕ್ಷರಗಳಲ್ಲಿ ತಪ್ಪು ಇದ್ದೇ ಇರುತ್ತದೆ, ಕೈಬರಹದ ಹಳೆಯ ಪತ್ರವಾದರೆ ಪದರವನ್ನು ನಂಬುವಂತೆಯೇ ಇಲ್ಲ. ಒಂದು ಹೆಸರು ಹುಡುಕಿದಾಗ ಸಿಗಲಿಲ್ಲ ಎಂದಮಾತ್ರಕ್ಕೆ ಅದು ಪತ್ರದಲ್ಲಿಲ್ಲ ಎಂದುಕೊಳ್ಳಬಾರದು, ಪುಟ ತಿರುವಿ ಕಣ್ಣಿನಿಂದಲೇ ನೋಡಬೇಕು.

ಕಳಿಸುವ ಮೊದಲು ಸರ್ವೆ ನಂಬರು, ಚೆಕ್ಕುಬಂದಿ, ಮೊತ್ತ, ತಾರೀಕು ಇರುವ ಪುಟಗಳನ್ನು ಪರದೆಯಲ್ಲಿ ಎರಡು ಪಟ್ಟು ಹಿಗ್ಗಿಸಿ ಮೂಲದ ಜೊತೆ ಹೋಲಿಸಿ ನೋಡಿ. 30 ಎಂಬಿಯ ಮೂಲ ಸ್ಕ್ಯಾನನ್ನು ಅಳಿಸಬೇಡಿ. ಇಲಾಖೆಯಿಂದಲೇ ಡಿಜಿಟಲ್ ಸಹಿಯೊಂದಿಗೆ ಬಂದ ಪಿಡಿಎಫ್ ಆದರೆ ಈ ಯಾವುದನ್ನೂ ಅದಕ್ಕೆ ಮಾಡಬೇಡಿ, ಹೀಗೆ ಹೊಸದಾಗಿ ಕಟ್ಟಿದ ಫೈಲಿನಲ್ಲಿ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ.