ಮೂತ್ರನಾಳದ ಸ್ರಾವ ಹಾಗೂ ಜನನಾಂಗದ ಹುಣ್ಣು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಕ್ಷಣಾಧಾರಿತ ಚಿಕಿತ್ಸೆ ಮತ್ತು ಸಂಗಾತಿಯ ಚಿಕಿತ್ಸೆ

ಮೂತ್ರದ್ವಾರದಿಂದ ಕೀವು ಬರುವುದು ಹಾಗೂ ಜನನಾಂಗದ ಮೇಲೆ ಹುಣ್ಣಾಗುವುದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಎರಡು ಪ್ರಮುಖ ಲಕ್ಷಣಗಳಾಗಿವೆ. ಇವುಗಳಿಗೆ ಕಾರಣವಾದ ರೋಗಾಣುವನ್ನು ನಿಖರವಾಗಿ ಗುರುತಿಸಲು ಬೇಕಾದ ಪ್ರಯೋಗಾಲಯದ ಸೌಲಭ್ಯವು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ. ವರದಿ ಬರುವವರೆಗೆ ರೋಗಿಯನ್ನು ಕಾಯಿಸಿದರೆ ಆತನು ಮರಳಿ ಬಾರದೇ ಹೋಗಬಹುದು. ಆದುದರಿಂದ ಕಂಡುಬಂದ ಲಕ್ಷಣವನ್ನೇ ಆಧಾರವಾಗಿಟ್ಟುಕೊಂಡು, ಆ ಲಕ್ಷಣವನ್ನು ಸಾಮಾನ್ಯವಾಗಿ ಉಂಟುಮಾಡುವ ಎಲ್ಲ ರೋಗಾಣುಗಳಿಗೂ ಮೊದಲ ಭೇಟಿಯಲ್ಲಿಯೇ ಔಷಧ ನೀಡಲಾಗುತ್ತದೆ. ಇದಕ್ಕೆ ಲಕ್ಷಣಾಧಾರಿತ ಚಿಕಿತ್ಸೆ ಎಂದು ಹೆಸರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಇದಕ್ಕಾಗಿ ಬೇರೆ ಬೇರೆ ಬಣ್ಣದ ಔಷಧ ಕಿಟ್‌ಗಳನ್ನು ಗೊತ್ತುಪಡಿಸಿತು.

ಮೂತ್ರನಾಳದ ಸ್ರಾವಕ್ಕೆ ಮುಖ್ಯವಾಗಿ ಗೊನೋರಿಯಾ ಮತ್ತು ಕ್ಲಮೀಡಿಯಾ ಎಂಬ ಎರಡು ಸೋಂಕುಗಳು ಕಾರಣ. ಇವೆರಡೂ ಒಬ್ಬನಲ್ಲಿಯೇ ಒಟ್ಟಿಗೆ ಇರುವುದು ಅಪರೂಪವಲ್ಲ. ಗೊನೋರಿಯಾಗೆ ಮಾತ್ರ ಔಷಧ ಕೊಟ್ಟರೆ ದಪ್ಪ ಕೀವು ನಿಂತು, ತೆಳುವಾದ ಸ್ರಾವ ಉಳಿದುಕೊಳ್ಳಬಹುದು. ಈ ಕಾರಣದಿಂದ ಬೂದು ಬಣ್ಣದ ಕಿಟ್‌ನಲ್ಲಿ ಸೆಫಿಕ್ಸಿಮ್ 400 ಮಿ.ಗ್ರಾಂ ಮತ್ತು ಅಜಿತ್ರೋಮೈಸಿನ್ 1 ಗ್ರಾಂ ಮಾತ್ರೆಗಳನ್ನು ಜೊತೆಯಾಗಿ ಇಡಲಾಗಿದೆ. ಎರಡನ್ನೂ ಒಂದೇ ಬಾರಿಗೆ, ಸಾಧ್ಯವಾದಲ್ಲಿ ಕೇಂದ್ರದಲ್ಲಿಯೇ, ಸಿಬ್ಬಂದಿಯ ಎದುರಿನಲ್ಲಿ ಸೇವಿಸತಕ್ಕದ್ದು.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಲಾರಿ ಚಾಲಕನೊಬ್ಬನು ತಿಂಗಳ 1ನೇ ತಾರೀಖಿನಂದು ಪರಸ್ಥಳದಲ್ಲಿ ಲೈಂಗಿಕ ಸಂಪರ್ಕ ಮಾಡಿ, 3ರಂದು ಮನೆಗೆ ಬಂದು, ಪತ್ನಿಯೊಡನೆ ಇದ್ದನು. 5ರಂದು ಮೂತ್ರ ಮಾಡುವಾಗ ಉರಿ ಹಾಗೂ ಕೀವು ಕಾಣಿಸಿಕೊಂಡವು. 8ರಂದು ಆತನು ಆರೋಗ್ಯ ಕೇಂದ್ರಕ್ಕೆ ಬಂದನು. ವೈದ್ಯಾಧಿಕಾರಿಗಳು ಮುಂದೊಗಲನ್ನು ಹಿಂದೆ ಸರಿಸಿ ನೋಡಿ, ಸ್ರಾವ ಇರುವುದನ್ನೂ ಹುಣ್ಣು ಇಲ್ಲದಿರುವುದನ್ನೂ ಖಚಿತಪಡಿಸಿಕೊಂಡು, ಬೂದು ಕಿಟ್ ನೀಡಿದರು. 11ರ ವೇಳೆಗೆ ಕೀವು ನಿಂತಿತು. ಪತ್ನಿಗೆ ಯಾವ ತೊಂದರೆಯೂ ಇರಲಿಲ್ಲವಾದ್ದರಿಂದ ಆಕೆಯನ್ನು ಕರೆತರುವ ಅಗತ್ಯ ಆತನಿಗೆ ತೋರಲಿಲ್ಲ. 15ರಂದು ಮರಳಿ ತೋರಿಸಿಕೊಳ್ಳುವಂತೆ ಹೇಳಿದ್ದರೂ, ಗುಣವಾಯಿತೆಂದು ಆತನು ಬರಲಿಲ್ಲ. 20ರಂದು ದಂಪತಿಗಳು ಕೂಡಿದರು. 24ರಂದು ಕೀವು ಮತ್ತೆ ಆರಂಭವಾಯಿತು.

ಇಂತಹ ಸಂದರ್ಭದಲ್ಲಿ ಸಾರ್ವಜನಿಕರು ಸಾಮಾನ್ಯವಾಗಿ ಸರ್ಕಾರಿ ಮಾತ್ರೆ ಕೆಲಸ ಮಾಡಲಿಲ್ಲವೆಂದು ದೂರುತ್ತಾರೆ. ಆದರೆ ಮೇಲಿನ ದಿನಾಂಕಗಳನ್ನು ಸಾಲಾಗಿ ಬರೆದು ನೋಡಿದರೆ ಸಂಗತಿ ಬೇರೆಯೇ ಇದೆ. ಕೀವು ನಿಲ್ಲದೆಯೇ ಮುಂದುವರಿದಿದ್ದರೆ ಔಷಧಕ್ಕೆ ಬಗ್ಗದ ರೋಗಾಣುವನ್ನು ಅಥವಾ ಟ್ರೈಕೊಮೋನಾಸ್‌ನಂತಹ ಇನ್ನೊಂದು ಸೋಂಕನ್ನು ಶಂಕಿಸಬೇಕಾಗಿತ್ತು. ಇಲ್ಲಿ ಕೀವು ಸಂಪೂರ್ಣ ನಿಂತು, ಚಿಕಿತ್ಸೆಯಾಗದ ಸಂಗಾತಿಯ ಸಂಪರ್ಕದ ನಂತರ ಮರಳಿ ಬಂದಿದೆ. ಇದು ಮರುಸೋಂಕು. ಸೋಂಕಿರುವ ಮಹಿಳೆಯರಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹೀಗಿದ್ದೂ ಸೋಂಕು ಗರ್ಭನಾಳಗಳಿಗೆ ಏರಿ ಬಂಜೆತನಕ್ಕೆ ಕಾರಣವಾಗಬಹುದು, ಹೆರಿಗೆಯ ಸಮಯದಲ್ಲಿ ಶಿಶುವಿನ ಕಣ್ಣಿಗೆ ತಗಲಬಹುದು.

ಆದುದರಿಂದ ಸ್ರಾವದ ರೋಗಿಯೊಡನೆ ಹಿಂದಿನ ಎರಡು ತಿಂಗಳಲ್ಲಿ ಸಂಪರ್ಕವಿದ್ದ ಎಲ್ಲ ಸಂಗಾತಿಗಳಿಗೂ, ಅವರಿಗೆ ಲಕ್ಷಣ ಇರಲಿ ಇಲ್ಲದಿರಲಿ, ಅದೇ ಬೂದು ಕಿಟ್ ನೀಡಬೇಕಾಗುತ್ತದೆ. ಗರ್ಭಿಣಿಯರೂ ವೈದ್ಯರ ಸಲಹೆಯಂತೆ ಈ ಎರಡು ಔಷಧಗಳನ್ನು ತೆಗೆದುಕೊಳ್ಳಬಹುದಾಗಿದೆ. ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನಗಳಾಗುವವರೆಗೆ ಸಂಪರ್ಕ ಕೂಡದು. ದಾಸ್ತಾನು ವಹಿಯನ್ನು ನೋಡುವ ಅಭ್ಯಾಸವಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಹತ್ತು ರೋಗಿಗಳ ಹೆಸರಿನ ಮುಂದೆ ಹತ್ತೇ ಕಿಟ್ ಖರ್ಚಾಗಿದ್ದರೆ, ಸಂಗಾತಿಗಳಿಗೆ ಔಷಧ ತಲುಪಿಲ್ಲವೆಂದೇ ಓದಿಕೊಳ್ಳಬೇಕು.

ಇಬ್ಬರಿಗೂ ಚಿಕಿತ್ಸೆಯಾದ ಮೇಲೂ ಏಳು ದಿನಗಳಲ್ಲಿ ಸ್ರಾವ ನಿಲ್ಲದಿದ್ದಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಗೊನೋರಿಯಾ ರೋಗಾಣು ಒಂದೊಂದಾಗಿ ಔಷಧಗಳಿಗೆ ಒಗ್ಗಿಕೊಳ್ಳುತ್ತ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಇದಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿನ ಪ್ರಮಾಣವನ್ನು 1 ಗ್ರಾಂಗೆ ಹೆಚ್ಚಿಸಿತು. ಹೀಗಾಗಿ ನಿಮ್ಮ ವೈದ್ಯರು ನೀಡುವ ಔಷಧವು ಇಲ್ಲಿ ತಿಳಿಸಿರುವುದಕ್ಕಿಂತ ಭಿನ್ನವಾಗಿದ್ದರೆ ಅವರ ಸೂಚನೆಯನ್ನೇ ಪಾಲಿಸತಕ್ಕದ್ದು.

ಜನನಾಂಗದ ಹುಣ್ಣಿನ ವಿಚಾರದಲ್ಲಿ ಸಂಗಾತಿಯ ಚಿಕಿತ್ಸೆ ಇನ್ನಷ್ಟು ಕಠಿಣ. ನೋವಿಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್‌ನದೆಂದೂ, ನೋವಿನಿಂದ ಕೂಡಿದ ಹಲವು ಮೆತ್ತನೆಯ ಹುಣ್ಣುಗಳು ಶಾಂಕ್ರಾಯ್ಡ್‌ನವೆಂದೂ ಪುಸ್ತಕಗಳು ಹೇಳುತ್ತವೆ. ಆದರೆ ಕಣ್ಣಿನಿಂದ ನೋಡಿ ಬೇರ್ಪಡಿಸುವುದು ಅನುಭವಿಗಳಿಗೂ ತಪ್ಪುತ್ತದೆ. ಆದ್ದರಿಂದ ಬಿಳಿ ಕಿಟ್‌ನಲ್ಲಿ ಎರಡಕ್ಕೂ ಔಷಧವಿದೆ: ಸಿಫಿಲಿಸ್‌ಗೆ ಬೆಂಜಥಿನ್ ಪೆನ್ಸಿಲಿನ್ 24 ಲಕ್ಷ ಯೂನಿಟ್, ಶಾಂಕ್ರಾಯ್ಡ್‌ಗೆ ಅಜಿತ್ರೋಮೈಸಿನ್ 1 ಗ್ರಾಂ. ಪೆನ್ಸಿಲಿನ್ ಅನ್ನು ಮೊದಲು ಸ್ವಲ್ಪ ಕೊಟ್ಟು ಪರೀಕ್ಷಿಸಿ, ಅನಂತರ ಎರಡೂ ಪೃಷ್ಠಗಳಿಗೆ ಹಂಚಿ ಚುಚ್ಚಲಾಗುತ್ತದೆ. ಆ ದಿನ ರಾತ್ರಿ ಜ್ವರ, ಮೈನೋವು ಬರಬಹುದು. ರೋಗಾಣುಗಳು ಸಾಯುವಾಗ ಹೀಗಾಗುವುದುಂಟು. ಇದು ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಮೈಮೇಲೆ ದದ್ದು ಎದ್ದು ಉಸಿರಾಟ ಕಷ್ಟವಾದರೆ ಮಾತ್ರ ಅದು ಒಗ್ಗದಿರುವಿಕೆಯ ಚಿಹ್ನೆ, ತಕ್ಷಣ ಚಿಕಿತ್ಸೆ ಬೇಕು.

ಪೆನ್ಸಿಲಿನ್ ಒಗ್ಗದವರಿಗೆ ನೀಲಿ ಕಿಟ್ ಇದೆ. ಅದರಲ್ಲಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಅನ್ನು ದಿನಕ್ಕೆರಡು ಬಾರಿ 15 ದಿನ ನುಂಗಬೇಕು, ಜೊತೆಗೆ ಅಜಿತ್ರೋಮೈಸಿನ್ ಇದೆ. ಗರ್ಭಿಣಿಯರಿಗೆ ಇದನ್ನು ಕೊಡುವಂತಿಲ್ಲ. ಹೊಟ್ಟೆಯಲ್ಲಿರುವ ಶಿಶುವನ್ನು ಸಿಫಿಲಿಸ್‌ನಿಂದ ಕಾಪಾಡಲು ಪೆನ್ಸಿಲಿನ್ ಒಂದೇ ಭರವಸೆಯ ಔಷಧವಾಗಿರುವುದರಿಂದ ಅವರನ್ನು ತಡಮಾಡದೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು. ನೀರುಗುಳ್ಳೆಗಳ ಗುಂಪು ಮಾತ್ರ ಕಂಡುಬಂದರೆ ಅದು ಹರ್ಪಿಸ್ ಆಗಿದ್ದು, ಅಸೈಕ್ಲೋವಿರ್ ಇರುವ ಕೆಂಪು ಕಿಟ್ ನೀಡಲಾಗುತ್ತದೆ. ಲಕ್ಷಣವಿಲ್ಲದ ಸಂಗಾತಿಗೆ ಕೆಂಪು ಕಿಟ್ ಕೊಡುವ ಅಗತ್ಯವಿಲ್ಲ.

ಸಿಫಿಲಿಸ್ ಹುಣ್ಣು ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಜನರು ಮೋಸಹೋಗುವುದು ಇಲ್ಲಿಯೇ. ರೋಗವು ಒಳಗೆ ಮುಂದುವರಿಯುತ್ತಲೇ ಇರುತ್ತದೆ. ಸೋಂಕು ತಗಲಿ ಹುಣ್ಣು ಏಳಲು 90 ದಿನಗಳವರೆಗೂ ಹಿಡಿಯಬಹುದಾದ್ದರಿಂದ, ಹುಣ್ಣಿನ ರೋಗಿಯ ಸಂಗಾತಿಗಳನ್ನು ಹಿಂದಿನ ಮೂರು ತಿಂಗಳವರೆಗೆ ಎಣಿಸಬೇಕು. ರಕ್ತದ ಆರ್.ಪಿ.ಆರ್. ಪರೀಕ್ಷೆಯನ್ನು ಮಾಡಿಸಬೇಕು. ಆದರೆ ಹುಣ್ಣು ಎದ್ದ ಮೊದಲ ದಿನಗಳಲ್ಲಿ ಅದು ಸೋಂಕನ್ನು ತೋರಿಸದಿರಬಹುದು, ಆದುದರಿಂದ ವರದಿ ಋಣಾತ್ಮಕವಾಗಿದೆಯೆಂದು ಚುಚ್ಚುಮದ್ದನ್ನು ಬಿಡುವಂತಿಲ್ಲ. ಎಚ್.ಐ.ವಿ. ಪರೀಕ್ಷೆಯನ್ನು ಒಪ್ಪಿಗೆ ಪಡೆದು ಮಾಡಿ, ಮೂರು ತಿಂಗಳ ನಂತರ ಪುನಃ ಮಾಡಲಾಗುತ್ತದೆ.

ಬೂದು ಕಿಟ್‌ನ ಮಾತ್ರೆಗಳನ್ನು, ಬೇರೆ ದಾರಿಯಿಲ್ಲದಿದ್ದಲ್ಲಿ ವೈದ್ಯರ ಒಪ್ಪಿಗೆಯ ಮೇರೆಗೆ, ರೋಗಿಯ ಕೈಯಲ್ಲಿ ಸಂಗಾತಿಗೆ ಕಳುಹಿಸಬಹುದು. ಔಷಧ ಒಗ್ಗದಿರುವಿಕೆ ಇದೆಯೇ ಎಂದು ಮೊದಲೇ ಕೇಳಿ ತಿಳಿದಿರಬೇಕು. ಬಿಳಿ ಕಿಟ್‌ನ ಚುಚ್ಚುಮದ್ದನ್ನು ಹೀಗೆ ಕಳುಹಿಸಲಾಗದು, ಸಂಗಾತಿಯೇ ಬರಬೇಕು. ಹಾಗೆ ಬರಲು ರೋಗಿಯ ಕೈಗೆ ಒಂದು ಸಂಗಾತಿ ಚೀಟಿಯನ್ನು ಕೊಡಲಾಗುತ್ತದೆ. ಅದರಲ್ಲಿ ರೋಗದ ಹೆಸರನ್ನಾಗಲಿ ರೋಗಿಯ ಹೆಸರನ್ನಾಗಲಿ ಬರೆಯಕೂಡದು. ಸಂಕೇತ, ದಿನಾಂಕ ಮತ್ತು ಕೇಂದ್ರದ ಹೆಸರಿದ್ದರೆ ಸಾಕು. ಯಾರಿಂದ ಯಾರಿಗೆ ಬಂತೆಂಬ ವಿಚಾರಣೆ ಸಿಬ್ಬಂದಿಯ ಕೆಲಸವಲ್ಲ. ಪತ್ನಿಗೆ ತಾವೇ ತಿಳಿಸಲು ಹಿಂಜರಿಯುವವರು, ಅಥವಾ ತಿಳಿಸಿದರೆ ಮನೆಯಲ್ಲಿ ಹಿಂಸೆಯಾದೀತೆಂಬ ಭಯವಿರುವ ಮಹಿಳೆಯರು, ಆಪ್ತ ಸಮಾಲೋಚಕರಿಗೆ ಮೊದಲೇ ತಿಳಿಸಬಹುದು.

ಜಿಲ್ಲಾ ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಮಾಹಿತಿಗೆ 1097 ಉಚಿತ ದೂರವಾಣಿಯನ್ನು ಸಂಪರ್ಕಿಸಬಹುದು.