ಶುಭಾಶಯ ಅಂಚು ದಾಟದಂತೆ

ಹಬ್ಬದ ಚಿತ್ರಗಳಲ್ಲಿ ‘ಶುಭಾಶಯಗಳು’ ಎಂಬುದರ ‘ಗಳು’ ಅಂಚಿನಲ್ಲಿ ಕತ್ತರಿಸಿಹೋಗಿರುವುದುಂಟು. ಅಕ್ಷರದ ಗಾತ್ರವನ್ನು ಕಣ್ಣಂದಾಜಿಗೆ ಬಿಟ್ಟರೆ ಆಗುವುದೇ ಹೀಗೆ. ತಂತ್ರಾಂಶವಾದರೆ ಅಳೆದು ನೋಡುತ್ತದೆ.

ಚಿತ್ರದ ಅಗಲ 1080 ಪಿಕ್ಸೆಲ್ ಎನ್ನಿ. ಎರಡೂ ಬದಿ ಜಾಗ ಬಿಟ್ಟು ಬರಹಕ್ಕೆ ಉಳಿಯುವುದು 972. ‘ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು’ ಸಾಲನ್ನು 100ರ ಗಾತ್ರದಲ್ಲಿ ಅಳೆದಾಗ 1350 ಪಿಕ್ಸೆಲ್ ಬಂತು ಅನ್ನೋಣ. ಗಾತ್ರ, ಅಗಲ ಒಂದೇ ಪ್ರಮಾಣದಲ್ಲಿ ಏರಿಳಿಯುವುದರಿಂದ 100ನ್ನು 972ರಿಂದ ಗುಣಿಸಿ 1350ರಿಂದ ಭಾಗಿಸಿದರಾಯಿತು: 72.

ಕನ್ನಡದಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಬಾರದು. ‘ಬ್ಬ’ದ ಒತ್ತು ಕೆಳಗೆ ಕೂರುವುದರಿಂದ ಲೆಕ್ಕ ತಪ್ಪುತ್ತದೆ, ಇಡೀ ಸಾಲನ್ನೇ ಅಳೆಯಬೇಕು. ಇನ್ನು ‘ಶುಭೋದಯ’ದಂಥ ಪುಟ್ಟ ಪದ ಅಗಲ ತುಂಬಲು ಹೊರಟರೆ ಚಿತ್ರದಲ್ಲಿರುವವರ ಮುಖಗಳನ್ನೇ ಮುಚ್ಚೀತು. ಅದಕ್ಕೆ ಎತ್ತರಕ್ಕೂ ಒಂದು ಮಿತಿ ಹಾಕಿ, ಎರಡರಲ್ಲಿ ಚಿಕ್ಕ ಗಾತ್ರವನ್ನೇ ಆರಿಸುವುದು ಒಳ್ಳೆಯದು.